ಶೇಕಡಾ ಇಪ್ಪತ್ತು ಎಂದರೆ ಎಷ್ಟು? ಟರ್ಮ್ ಶೀಟ್‌ನ ಎರಡು ಷರತ್ತುಗಳ ಲೆಕ್ಕ

ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ಚಿಕ್ಕಮಗಳೂರಿನ ನನ್ನ ಲೆಕ್ಕಪತ್ರದ ಕಚೇರಿಗೆ ಮೂಡಿಗೆರೆ ಕಡೆಯ ಅಕ್ಕ, ತಮ್ಮ ಇಬ್ಬರು ಒಂದು ಪ್ಲಾಸ್ಟಿಕ್ ಫೈಲು ಹಿಡಿದು ಬಂದರು. ಮನೆಯ ತೋಟದ ಮತ್ತು ಅಕ್ಕಪಕ್ಕದವರ ಅರೇಬಿಕಾ ಕಾಫಿಯ ಪಾರ್ಚ್‌ಮೆಂಟನ್ನು ಕೊಂಡು, ಹಲ್ಲಿಂಗ್ ಮಾಡಿಸಿ, ತಾವೇ ಹುರಿದು, ಪೊಟ್ಟಣ ಕಟ್ಟಿ ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಅವರದು. ಬೆಂಗಳೂರಿನ ವೆಂಚರ್ ಕ್ಯಾಪಿಟಲ್ ನಿಧಿಯೊಂದು 2 ಕೋಟಿ ರೂಪಾಯಿ ಹೂಡಲು ಮುಂದೆ ಬಂದು, ಒಂಬತ್ತು ಪುಟಗಳ ಟರ್ಮ್ ಶೀಟ್ ಕಳುಹಿಸಿತ್ತು. "ಶೇಕಡಾ ಇಪ್ಪತ್ತು ಪಾಲು ಕೇಳಿದ್ದಾರೆ ಸರ್. ಕಂಪನಿ ಮಾರಿದರೆ ಎಂಬತ್ತು ನಮ್ಮದೇ ಅಲ್ಲವೇ?" ಎಂದು ಅಕ್ಕ ಕೇಳಿದರು. ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವುದು ಸುಲಭವಾಗಿತ್ತು. ಏಕೆ ಅಲ್ಲ ಎಂಬುದನ್ನು ಕಾಗದದ ಮೇಲೆ ಬಿಡಿಸಿ ತೋರಿಸಲು ಆ ಮಧ್ಯಾಹ್ನವೆಲ್ಲ ಹಿಡಿಯಿತು. ಅಂದಿನ ಲೆಕ್ಕವನ್ನೇ, ಅಂಕಿಗಳನ್ನು ಸರಳಗೊಳಿಸಿ, ಇಲ್ಲಿ ಬರೆದಿದ್ದೇನೆ.

ಟರ್ಮ್ ಶೀಟ್ ಎಂದರೆ ಏನು

ಮದುವೆಗೆ ಮೊದಲು ಎರಡೂ ಮನೆಯವರು ಕುಳಿತು ಮಾತುಕತೆಯ ಚೀಟಿ ಬರೆದುಕೊಳ್ಳುವಂತೆ, ಹೂಡಿಕೆಗೆ ಮೊದಲು ಮುಖ್ಯ ಷರತ್ತುಗಳನ್ನು ಪಟ್ಟಿ ಮಾಡಿ ಸಹಿ ಹಾಕುವ ಪತ್ರವೇ ಟರ್ಮ್ ಶೀಟ್. ಗೋಪ್ಯತೆ, ಇಷ್ಟು ದಿನ ಬೇರೆ ಹೂಡಿಕೆದಾರರೊಡನೆ ಮಾತನಾಡಬಾರದೆಂಬ ನಿರ್ಬಂಧ, ವಕೀಲರ ಖರ್ಚು ಯಾರದೆಂಬುದು ಇವುಗಳನ್ನು ಬಿಟ್ಟರೆ ಅದರ ಬಹುಪಾಲು ಷರತ್ತುಗಳು ಸಾಮಾನ್ಯವಾಗಿ ಕಾನೂನಿನ ದೃಷ್ಟಿಯಲ್ಲಿ ಬದ್ಧಗೊಳಿಸುವಂಥವಲ್ಲ. ಆದರೂ ಮುಂದೆ ವಕೀಲರು ಬರೆಯುವ ಷೇರುದಾರರ ಒಪ್ಪಂದವು ಇದನ್ನೇ ಅನುಸರಿಸುತ್ತದೆ. ಸಹಿಯಾದ ಮೇಲೆ "ಈ ಸಾಲು ನಮಗೆ ಅರ್ಥವಾಗಿರಲಿಲ್ಲ" ಎಂದು ಹಿಂದಕ್ಕೆ ಎಳೆಯುವುದು ಕಷ್ಟ.

ಹೂಡಿಕೆದಾರರು ಕೊಳ್ಳುವ ಷೇರು ಸಂಸ್ಥಾಪಕರ ಕೈಯಲ್ಲಿರುವ ಸಾಮಾನ್ಯ ಈಕ್ವಿಟಿ ಷೇರಿನಂಥದ್ದಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಕಡ್ಡಾಯವಾಗಿ ಈಕ್ವಿಟಿಗೆ ಪರಿವರ್ತನೆಯಾಗಬೇಕಾದ ಆದ್ಯತಾ ಷೇರು. ಈ ವ್ಯವಹಾರದಲ್ಲಿರುವವರು ಅದನ್ನು ಸಿಸಿಪಿಎಸ್ ಎನ್ನುತ್ತಾರೆ. ಹಣ ಹಂಚುವಾಗ ಇದಕ್ಕೆ ಮೊದಲ ಸರದಿ ಸಿಗುತ್ತದೆ, ಮತ್ತು ಮುಂದೊಂದು ದಿನ ಗೊತ್ತುಪಡಿಸಿದ ದರದಲ್ಲಿ ಇದು ಸಾಮಾನ್ಯ ಷೇರಾಗಿ ಬದಲಾಗುತ್ತದೆ. ಮೊದಲ ಗುಣದ ಮೇಲೆ ನಿಂತಿರುವುದು ಲಿಕ್ವಿಡೇಷನ್ ಪ್ರಿಫರೆನ್ಸ್; ಎರಡನೆಯದರ ಮೇಲೆ ನಿಂತಿರುವುದು ಆಂಟಿ-ಡೈಲ್ಯೂಷನ್.

ಲೆಕ್ಕ ಹೀಗಿದೆ. ಅಕ್ಕ ತಮ್ಮಂದಿರ ಬಳಿ ಒಟ್ಟು 8,00,000 ಷೇರುಗಳಿವೆ. ಹೂಡಿಕೆದಾರರು ಷೇರಿಗೆ 100 ರೂಪಾಯಿಯಂತೆ 2,00,000 ಷೇರುಗಳನ್ನು ಹೊಸದಾಗಿ ಪಡೆದು 2 ಕೋಟಿ ಕೊಡುತ್ತಾರೆ. ಒಟ್ಟು ಷೇರು 10,00,000. ಹಣ ಬಂದ ನಂತರದ ಕಂಪನಿಯ ಮೌಲ್ಯ 10 ಕೋಟಿ. ಹೂಡಿಕೆದಾರರ ಪಾಲು ಶೇ. 20.

ಮೊದಲು ಯಾರು ಅಳೆದುಕೊಳ್ಳಬೇಕು

ಲಿಕ್ವಿಡೇಷನ್ ಎಂದ ಕೂಡಲೇ ಕಂಪನಿ ಮುಳುಗಿ, ಬೀಗ ಬಿದ್ದು, ಸಾಮಾನು ಹರಾಜಾಗುವ ಚಿತ್ರ ಕಣ್ಣಿಗೆ ಬರುತ್ತದೆ. ಟರ್ಮ್ ಶೀಟ್‌ನಲ್ಲಿ ಈ ಪದದ ವ್ಯಾಪ್ತಿ ಅದಕ್ಕಿಂತ ಬಹಳ ದೊಡ್ಡದು. ದೊಡ್ಡ ಕಾಫಿ ಕಂಪನಿಯೊಂದು ಇವರ ಕಂಪನಿಯನ್ನು ಕೊಂಡರೂ, ಎರಡು ಕಂಪನಿಗಳು ಒಂದಾಗಿ ಆಡಳಿತದ ಹಿಡಿತ ಕೈಬದಲಾದರೂ, ಬ್ರ್ಯಾಂಡ್ ಮತ್ತು ಯಂತ್ರಗಳು ಮಾರಾಟವಾದರೂ ಅದು ಲಿಕ್ವಿಡೇಷನ್ ಎಂದೇ ಪರಿಗಣಿತವಾಗುತ್ತದೆ. ಕಂಪನಿ ನಿಜವಾಗಿಯೇ ದಿವಾಳಿಯಾದರೆ 2016ರ ದಿವಾಳಿ ಸಂಹಿತೆಯ 53ನೆಯ ಕಲಮಿನ ಸರದಿಯಂತೆ ಕಾರ್ಮಿಕರು, ಬ್ಯಾಂಕುಗಳು, ಸರ್ಕಾರದ ಬಾಕಿ ಎಲ್ಲವೂ ಮುಂದೆ ನಿಂತು, ಆದ್ಯತಾ ಷೇರುದಾರರು ಕೊನೆಯವರಿಗಿಂತ ಒಂದು ಮೆಟ್ಟಿಲು ಮೇಲೆ ಇರುತ್ತಾರೆ. ಆ ಹೊತ್ತಿಗೆ ಹಂಚಲು ಏನೂ ಉಳಿದಿರುವುದಿಲ್ಲ ಎನ್ನುವುದೇ ಹೆಚ್ಚು. ಹಾಗಾಗಿ ಈ ಷರತ್ತಿಗೆ ನಿಜವಾದ ಕೆಲಸ ಬೀಳುವುದು ದಿವಾಳಿಯಲ್ಲಲ್ಲ, ಮಾರಾಟದಲ್ಲಿ.

ಷರತ್ತಿನ ಮೂಲ ರೂಪ ಸರಳವಾಗಿದೆ. ಮಾರಾಟದಿಂದ ಬಂದ ಹಣದಲ್ಲಿ ಹೂಡಿಕೆದಾರರು ತಾವು ಹಾಕಿದ 2 ಕೋಟಿಯನ್ನು ಮೊದಲು ತೆಗೆದುಕೊಳ್ಳಬಹುದು. ಅಥವಾ ಅದನ್ನು ಬಿಟ್ಟು, ಷೇರನ್ನು ಈಕ್ವಿಟಿಗೆ ಬದಲಿಸಿಕೊಂಡು, ಎಲ್ಲರಂತೆ ಶೇ. 20 ಪಡೆಯಬಹುದು. ಎರಡರಲ್ಲಿ ಯಾವುದು ಹೆಚ್ಚೋ ಅದು ಅವರದು, ಎರಡೂ ಅಲ್ಲ. ಇದಕ್ಕೆ ಒಂದು ಪಟ್ಟಿನ ನಾನ್-ಪಾರ್ಟಿಸಿಪೇಟಿಂಗ್ ಪ್ರಿಫರೆನ್ಸ್ ಎನ್ನುತ್ತಾರೆ. ಕಂಪನಿ 5 ಕೋಟಿಗೆ ಮಾರಾಟವಾಯಿತು ಎನ್ನೋಣ. ಶೇ. 20 ಎಂದರೆ 1 ಕೋಟಿ ಮಾತ್ರ, ಆದ್ದರಿಂದ ಅವರು 2 ಕೋಟಿಯನ್ನೇ ಆರಿಸಿಕೊಳ್ಳುತ್ತಾರೆ. ಅಕ್ಕ ತಮ್ಮಂದಿರಿಗೆ 4 ಕೋಟಿಯ ಬದಲು 3 ಕೋಟಿ ಉಳಿಯುತ್ತದೆ. 30 ಕೋಟಿಗೆ ಮಾರಾಟವಾದರೆ ಶೇ. 20 ಎಂದರೆ 6 ಕೋಟಿ. ಆಗ ಪ್ರಿಫರೆನ್ಸ್ ಬಿಟ್ಟು ಈಕ್ವಿಟಿಗೆ ಬರುತ್ತಾರೆ. ಎರಡೂ ದಾರಿಗಳು ಸಮವಾಗುವುದು ಮಾರಾಟದ ಬೆಲೆ ಸರಿಯಾಗಿ 10 ಕೋಟಿ ಆದಾಗ, ಅಂದರೆ ಹೂಡಿಕೆಯ ನಂತರದ ಮೌಲ್ಯದಲ್ಲಿ.

ಇದರಲ್ಲಿ ಮೇಲ್ನೋಟಕ್ಕೆ ಕಾಣದ ಒಂದು ತೊಡಕಿದೆ. ಕಂಪನಿಗೆ 3 ಕೋಟಿ ಬಂದರೂ 9 ಕೋಟಿ ಬಂದರೂ ಹೂಡಿಕೆದಾರರಿಗೆ ಸಿಗುವುದು ಅದೇ 2 ಕೋಟಿ. ನಡುವಿನ ಪ್ರತಿ ರೂಪಾಯಿಯೂ ಸಂಸ್ಥಾಪಕರದು. ಕೊಳ್ಳುವವನ ಬಳಿ ಇನ್ನಾರು ತಿಂಗಳು ಚೌಕಾಸಿ ಮಾಡಲು ಸಂಸ್ಥಾಪಕರಿಗೆ ಕಾರಣವಿರುತ್ತದೆ, ಹೂಡಿಕೆದಾರರಿಗೆ ಇರುವುದಿಲ್ಲ. ಬೆಲೆ 2 ಕೋಟಿಗಿಂತ ಕೆಳಗಿಳಿದರೆ ಇದು ತಿರುಗುಮುರುಗಾಗುತ್ತದೆ: ಇಡೀ ಹಣ ಹೂಡಿಕೆದಾರರದು, ಸಂಸ್ಥಾಪಕರಿಗೆ ಆ ಮಾರಾಟದಲ್ಲಿ ಏನೂ ಇಲ್ಲ. ಮಾರಾಟಕ್ಕೆ ಯಾರ ಒಪ್ಪಿಗೆ ಬೇಕು ಎಂಬ ಷರತ್ತನ್ನು ಟರ್ಮ್ ಶೀಟ್‌ನಲ್ಲಿ ಬೇರೆ ಪುಟದಲ್ಲಿ ಬರೆದಿದ್ದರೂ ಇದರ ಪಕ್ಕದಲ್ಲೇ ಇಟ್ಟು ಓದಬೇಕಾದದ್ದು ಈ ಕಾರಣಕ್ಕೆ.

ಬಿತ್ತನೆ ಭತ್ತವೂ ಬೇಕು, ಪಾಲೂ ಬೇಕು

ಆ ಒಂಬತ್ತು ಪುಟಗಳಲ್ಲಿ ನಾನು ಪೆನ್ಸಿಲ್‌ನಿಂದ ಗೆರೆ ಎಳೆದ ಮೊದಲ ಸಾಲು ನಾಲ್ಕನೆಯ ಪುಟದಲ್ಲಿತ್ತು. ಹೂಡಿದ ಹಣ ಮೊದಲು ವಾಪಸು ಎಂಬಲ್ಲಿಗೆ ವಾಕ್ಯ ನಿಂತಿರಲಿಲ್ಲ. ಅದಾದ ನಂತರ ಉಳಿದ ಮೊತ್ತದಲ್ಲಿಯೂ ಈಕ್ವಿಟಿ ಷೇರುದಾರರೊಡನೆ ಪ್ರಮಾಣಕ್ಕೆ ತಕ್ಕ ಪಾಲು ಎಂದು ಅದು ಮುಂದುವರಿದಿತ್ತು. ತಮ್ಮ ಆ ಸಾಲನ್ನು ಎರಡು ಬಾರಿ ಓದಿ, "ಇದು ಮೊದಲಿನದೇ ಮಾತಲ್ಲವೇ, ಇನ್ನೊಮ್ಮೆ ಬರೆದಿದ್ದಾರೆ ಅಷ್ಟೆ" ಎಂದರು. ಇನ್ನೊಮ್ಮೆ ಬರೆದದ್ದಲ್ಲ. ಇದಕ್ಕೆ ಪಾರ್ಟಿಸಿಪೇಟಿಂಗ್ ಪ್ರಿಫರೆನ್ಸ್ ಎಂದು ಹೆಸರು.

ಗದ್ದೆಯನ್ನು ಪಾಲಿಗೆ ಮಾಡುವ ಇಬ್ಬರನ್ನು ನೆನೆದುಕೊಳ್ಳಿ. ಒಬ್ಬ ಬಿತ್ತನೆ ಭತ್ತ ಕೊಟ್ಟಿದ್ದಾನೆ, ಇನ್ನೊಬ್ಬ ದುಡಿದಿದ್ದಾನೆ. ಕಣದಲ್ಲಿ ರಾಶಿ ಅಳೆಯುವಾಗ "ನನ್ನ ಬೀಜದ ಭತ್ತ ವಾಪಸು ಕೊಡು, ಇಲ್ಲವೇ ಬೆಳೆಯಲ್ಲಿ ಪಾಲು ಕೊಡು" ಎಂದು ಮೊದಲಿನವನು ಕೇಳಿದರೆ ಅದು ನಾನ್-ಪಾರ್ಟಿಸಿಪೇಟಿಂಗ್. "ಮೊದಲು ನನ್ನ ಬೀಜದ ಭತ್ತವನ್ನು ಪಕ್ಕಕ್ಕೆ ಅಳೆ, ಆಮೇಲೆ ಉಳಿದ ರಾಶಿಯಲ್ಲಿ ನನ್ನ ಪಾಲು ಅಳೆ" ಎಂದರೆ ಅದು ಪಾರ್ಟಿಸಿಪೇಟಿಂಗ್.

5 ಕೋಟಿಯ ಮಾರಾಟವನ್ನೇ ಮತ್ತೆ ನೋಡೋಣ. ಮೊದಲು 2 ಕೋಟಿ ಪಕ್ಕಕ್ಕೆ. ಉಳಿದ 3 ಕೋಟಿಯಲ್ಲಿ ಶೇ. 20, ಅಂದರೆ 60 ಲಕ್ಷ. ಹೂಡಿಕೆದಾರರಿಗೆ ಒಟ್ಟು 2.6 ಕೋಟಿ, ಅಕ್ಕ ತಮ್ಮಂದಿರಿಗೆ 2.4 ಕೋಟಿ. ಶೇ. 80 ಷೇರು ಹಿಡಿದವರ ಕೈಗೆ ಅರ್ಧಕ್ಕಿಂತ ಕಡಿಮೆ ಹಣ ಬಂತು. 30 ಕೋಟಿಗೆ ಮಾರಾಟವಾದರೆ ಹೂಡಿಕೆದಾರರಿಗೆ 2 ಕೋಟಿಯೂ ಉಳಿದ 28 ಕೋಟಿಯಲ್ಲಿ 5.6 ಕೋಟಿಯೂ ಸೇರಿ 7.6 ಕೋಟಿ. ಮೊದಲ ರೂಪದಲ್ಲಿ ಅದು 6 ಕೋಟಿ ಇತ್ತು, ವ್ಯತ್ಯಾಸ 1.6 ಕೋಟಿ. 100 ಕೋಟಿಗೆ ಮಾರಿದರೂ ವ್ಯತ್ಯಾಸ ಅದೇ 1.6 ಕೋಟಿ. ಮಾರಾಟ 10 ಕೋಟಿ ದಾಟಿದ ಮೇಲೆ ಈ ಪದಗಳ ಬೆಲೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ, ಏಕೆಂದರೆ ಅದು ಹೂಡಿದ 2 ಕೋಟಿಯಲ್ಲಿ ಸಂಸ್ಥಾಪಕರ ಶೇ. 80 ಭಾಗ ಮಾತ್ರ. ಬಹಳ ದೊಡ್ಡ ಮಾರಾಟದಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಚಿಕ್ಕದು, ಸಾಧಾರಣ ಮಾರಾಟದಲ್ಲಿ ಮನೆಯ ಸಾಲ ತೀರಿಸುವಷ್ಟು ದೊಡ್ಡದು.

ಇದರ ಮೇಲೆ ಪಟ್ಟು ಬೇರೆ ಇರುತ್ತದೆ. ಎರಡು ಪಟ್ಟು ಎಂದು ಬರೆದಿದ್ದರೆ ಮೊದಲು ಪಕ್ಕಕ್ಕಿಡಬೇಕಾದದ್ದು 4 ಕೋಟಿ. ಪಾರ್ಟಿಸಿಪೇಟಿಂಗ್ ಕೂಡ ಸೇರಿಕೊಂಡರೆ 5 ಕೋಟಿಯ ಮಾರಾಟದಲ್ಲಿ ಹೂಡಿಕೆದಾರರಿಗೆ 4.2 ಕೋಟಿ ಹೋಗಿ, ಸಂಸ್ಥಾಪಕರಿಗೆ 80 ಲಕ್ಷ ಉಳಿಯುತ್ತದೆ. ಕೆಲವೊಮ್ಮೆ ಎರಡೂ ಕಡೆಯವರು ಮಧ್ಯದಲ್ಲಿ ನಿಂತು, ಪಾಲು ಇರಲಿ ಆದರೆ ಒಟ್ಟು ಮೊತ್ತ ಹೂಡಿಕೆಯ ಇಷ್ಟು ಪಟ್ಟನ್ನು ಮೀರಬಾರದು ಎಂದು ಮಿತಿ ಹಾಕಿಕೊಳ್ಳುತ್ತಾರೆ.

ಓದುವಾಗ ಹುಡುಕಬೇಕಾದ ಗುರುತು ಇದು: ವಾಕ್ಯದಲ್ಲಿ 'ಗ್ರೇಟರ್ ಆಫ್' ಎಂದಿದ್ದರೆ ಎರಡರಲ್ಲಿ ಒಂದು, 'ಪ್ಲಸ್' ಅಥವಾ 'ದೇರಾಫ್ಟರ್' ಎಂದಿದ್ದರೆ ಎರಡೂ.

ದರ ಇಳಿದಾಗ ಏನಾಗುತ್ತದೆ

ಎರಡನೆಯ ಷರತ್ತಿನ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಹೊಸ ಷೇರು ಹೊರಡಿಸಿದಾಗಲೆಲ್ಲ ಹಳೆಯವರ ಶೇಕಡಾವಾರು ಪಾಲು ತೆಳುವಾಗುತ್ತದೆ. ಹಾಲಿಗೆ ನೀರು ಬೆರೆತಂತೆ. ಅದನ್ನು ಆಂಟಿ-ಡೈಲ್ಯೂಷನ್ ಷರತ್ತು ತಡೆಯುವುದಿಲ್ಲ. ಪಾಲು ಕಾಯ್ದುಕೊಳ್ಳಬೇಕಾದ ಹೂಡಿಕೆದಾರರು ಮುಂದಿನ ಸುತ್ತಿನಲ್ಲೂ ಹಣ ಹಾಕುವ ಹಕ್ಕನ್ನು ಬೇರೆಯಾಗಿಯೇ ಕೇಳಿ ಬರೆಸಿಕೊಳ್ಳುತ್ತಾರೆ. ಆಂಟಿ-ಡೈಲ್ಯೂಷನ್ ಎಚ್ಚರಗೊಳ್ಳುವುದು ಒಂದೇ ಸಂದರ್ಭದಲ್ಲಿ: ತಾವು ಕೊಟ್ಟ 100 ರೂಪಾಯಿಗಿಂತ ಕಡಿಮೆ ದರಕ್ಕೆ ಕಂಪನಿ ಮುಂದೆ ಇನ್ನೊಬ್ಬರಿಗೆ ಷೇರು ಕೊಟ್ಟಾಗ. ಇಂಥ ಸುತ್ತನ್ನು ಡೌನ್ ರೌಂಡ್ ಎನ್ನುತ್ತಾರೆ.

ನಮ್ಮ ಕಡೆಯ ಹೋಲಿಕೆ ಹೇಳುವುದಾದರೆ, ವ್ಯಾಪಾರಿಯೊಬ್ಬ ಮುಂಗಡ ಹಣ ಕೊಟ್ಟು ಒಂದು ದರಕ್ಕೆ ನೂರು ಚೀಲ ಕಾಫಿ ಗೊತ್ತು ಮಾಡಿಕೊಂಡು, "ಇದಕ್ಕಿಂತ ಕಡಿಮೆಗೆ ಬೇರೆಯವರಿಗೆ ಕೊಟ್ಟರೆ ನನಗೂ ಆ ದರವನ್ನೇ ಹಚ್ಚಿ ಹೆಚ್ಚಿನ ಚೀಲ ಕೊಡಬೇಕು" ಎಂದು ಬರೆಸಿಕೊಂಡ ಹಾಗೆ. ಹೂಡಿಕೆದಾರರಿಗೆ ಹಣ ವಾಪಸು ಬರುವುದಿಲ್ಲ. ಅವರ ಆದ್ಯತಾ ಷೇರು ಈಕ್ವಿಟಿಯಾಗುವ ದರ ಇಳಿದು, ಅದೇ 2 ಕೋಟಿಗೆ ಹೆಚ್ಚು ಷೇರು ಸಿಗುತ್ತದೆ. ಆ ಹೆಚ್ಚಿನ ಷೇರಿನ ಭಾರ ಈ ರಕ್ಷಣೆ ಇಲ್ಲದವರ ಮೇಲೆ, ಮುಖ್ಯವಾಗಿ ಸಂಸ್ಥಾಪಕರ ಮೇಲೆ ಬೀಳುತ್ತದೆ.

ಎರಡು ವರ್ಷದ ನಂತರ ಮಾರಾಟ ಕುಸಿದು, ಹೊಸ ಹೂಡಿಕೆದಾರರೊಬ್ಬರು ಷೇರಿಗೆ 50 ರೂಪಾಯಿಯಂತೆ 1 ಕೋಟಿ ಹಾಕಿದರು, ಅಂದರೆ 2,00,000 ಹೊಸ ಷೇರು ಪಡೆದರು ಎಂದುಕೊಳ್ಳೋಣ. ಯಾವ ರಕ್ಷಣೆಯೂ ಇಲ್ಲದಿದ್ದರೆ ಒಟ್ಟು 12,00,000 ಷೇರುಗಳಲ್ಲಿ ಸಂಸ್ಥಾಪಕರ ಪಾಲು ಶೇ. 66.7 ಆಗುತ್ತಿತ್ತು.

ಫುಲ್ ರ್ಯಾಚೆಟ್ ಎಂಬ ರೂಪದಲ್ಲಿ ಹಳೆಯ ಹೂಡಿಕೆದಾರರ ಪರಿವರ್ತನೆಯ ದರ ನೇರವಾಗಿ 50ಕ್ಕೆ ಇಳಿಯುತ್ತದೆ. ಅವರ 2 ಕೋಟಿಗೆ 2,00,000ದ ಬದಲು 4,00,000 ಷೇರು ಬರುತ್ತದೆ. ಒಟ್ಟು 14,00,000; ಸಂಸ್ಥಾಪಕರ ಪಾಲು ಶೇ. 57.1, ಹಳೆಯ ಹೂಡಿಕೆದಾರರದು ಶೇ. 28.6. ಕಷ್ಟದ ಕಾಲದಲ್ಲಿ ಹೊಸ ಹಣ ತಂದವರಿಗಿಂತ ಹಳೆಯವರ ಪಾಲು ಎರಡರಷ್ಟಾಯಿತು.

ಕಥೆ ಇಲ್ಲಿಗೇ ನಿಲ್ಲುವುದೂ ಇಲ್ಲ. ತಮ್ಮ 1 ಕೋಟಿಗೆ ಕಂಪನಿಯ ಆರನೆಯ ಒಂದು ಭಾಗ ಸಿಗುತ್ತದೆ ಎಂದು ಹೊಸಬರು ಬಂದಿದ್ದರು. ರ್ಯಾಚೆಟ್ ತಿರುಗಿದ ಮೇಲೆ ಏಳನೆಯ ಒಂದು ಭಾಗವಾಯಿತು. ಅವರ ವಕೀಲರು ಹಳೆಯ ಒಪ್ಪಂದವನ್ನು ಓದಿಯೇ ಇರುತ್ತಾರೆ, ಆದ್ದರಿಂದ ಎಲ್ಲ ಹೊಂದಾಣಿಕೆ ಮುಗಿದ ಮೇಲೂ ಆರನೆಯ ಒಂದು ಭಾಗ ಉಳಿಯುವಂಥ ದರ ಕೇಳುತ್ತಾರೆ. ದರ ಇಳಿದಂತೆ ರ್ಯಾಚೆಟ್ ಇನ್ನಷ್ಟು ತಿರುಗುತ್ತದೆ, ಅದು ತಿರುಗಿದಂತೆ ದರ ಇನ್ನಷ್ಟು ಇಳಿಯಬೇಕಾಗುತ್ತದೆ. ಈ ಲೆಕ್ಕ ಕೊನೆಗೆ ನಿಲ್ಲುವುದು ಷೇರಿಗೆ 37.50 ರೂಪಾಯಿಯಲ್ಲಿ. ಆಗ ಹೊಸಬರಿಗೆ ಸುಮಾರು 2,66,667 ಷೇರು, ಹಳೆಯ ಹೂಡಿಕೆದಾರರಿಗೆ 5,33,333, ಸಂಸ್ಥಾಪಕರಿಗೆ ಅದೇ 8,00,000. ಒಟ್ಟು 16,00,000ದಲ್ಲಿ ಅಕ್ಕ ತಮ್ಮಂದಿರದು ಸರಿಯಾಗಿ ಅರ್ಧ. ಕ್ಯಾಲ್ಕುಲೇಟರ್ ಮೇಲೆ ಇದು ಮೂಡಿದಾಗ ಅಕ್ಕ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಎಷ್ಟು ಷೇರು ಎಂಬುದೂ ಲೆಕ್ಕಕ್ಕೆ ಬರಬೇಕು

ಫುಲ್ ರ್ಯಾಚೆಟ್‌ನ ನಿಜವಾದ ದೋಷ ಅದು ದರವನ್ನು ಮಾತ್ರ ನೋಡುತ್ತದೆ, ಪ್ರಮಾಣವನ್ನು ನೋಡುವುದಿಲ್ಲ ಎಂಬುದು. 50 ರೂಪಾಯಿಗೆ ಎರಡು ಲಕ್ಷ ಷೇರು ಕೊಟ್ಟರೂ, ಬರೇ ಒಂದು ಸಾವಿರ ಷೇರು ಕೊಟ್ಟರೂ ಹಳೆಯವರ ಷೇರು ಎರಡರಷ್ಟಾಗುತ್ತದೆ. ಇದನ್ನು ಸರಿಪಡಿಸಲು ಬಳಕೆಗೆ ಬಂದ ರೂಪವೇ ವೆಯ್ಟೆಡ್ ಆವರೇಜ್, ಅಂದರೆ ಪ್ರಮಾಣವನ್ನೂ ಸೇರಿಸಿ ತೆಗೆದ ಸರಾಸರಿ. ಅದರ ಸೂತ್ರ ಹೀಗಿರುತ್ತದೆ:

```
CP2 = CP1 × (A + B) / (A + C)
```

ಇಲ್ಲಿ CP1 ಹಳೆಯ ದರ, CP2 ಹೊಂದಾಣಿಕೆಯ ನಂತರದ ದರ. A ಎಂದರೆ ಹೊಸ ಸುತ್ತಿಗೆ ಮೊದಲು ಇದ್ದ ಷೇರುಗಳು. B ಎಂದರೆ ಹೊಸದಾಗಿ ಬಂದ ಹಣಕ್ಕೆ ಹಳೆಯ ದರದಲ್ಲೇ ಕೊಟ್ಟಿದ್ದರೆ ಎಷ್ಟು ಷೇರು ಹೋಗುತ್ತಿತ್ತೋ ಅಷ್ಟು. C ಎಂದರೆ ನಿಜವಾಗಿ ಕೊಟ್ಟ ಹೊಸ ಷೇರುಗಳು. ನಮ್ಮ ಉದಾಹರಣೆಯಲ್ಲಿ A 10,00,000, 1 ಕೋಟಿಯನ್ನು 100ರಿಂದ ಭಾಗಿಸಿದರೆ B 1,00,000, C 2,00,000. ಆದ್ದರಿಂದ 100ನ್ನು 11 ಲಕ್ಷದಿಂದ ಗುಣಿಸಿ 12 ಲಕ್ಷದಿಂದ ಭಾಗಿಸಿದರೆ ಹೊಸ ದರ 91.67 ರೂಪಾಯಿ. ಹಳೆಯ ಹೂಡಿಕೆದಾರರಿಗೆ 2,18,182 ಷೇರು ಬರುತ್ತದೆ, ಸಂಸ್ಥಾಪಕರ ಪಾಲು ಶೇ. 65.7ರಲ್ಲಿ ನಿಲ್ಲುತ್ತದೆ. ಅದೇ 50 ರೂಪಾಯಿಗೆ ಸಾವಿರ ಷೇರು ಮಾತ್ರ ಕೊಟ್ಟಿದ್ದರೆ ದರ 100ರಿಂದ 99.95ಕ್ಕೆ ಇಳಿಯುತ್ತಿತ್ತು, ಅಷ್ಟೆ.

ಸೂತ್ರ ಕಣ್ಣಿಗೆ ಕಂಡಿತೆಂದು ನಿಶ್ಚಿಂತರಾಗುವಂತಿಲ್ಲ. A ಎಂಬ ಒಂದು ಅಕ್ಷರದಲ್ಲಿ ಯಾವ ಯಾವ ಷೇರು ಸೇರಿವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮೇಲಿನದರಲ್ಲಿ ಎಲ್ಲರ ಷೇರುಗಳನ್ನೂ ಸೇರಿಸಿದ್ದೇವೆ. ಇದಕ್ಕೆ ಬ್ರಾಡ್-ಬೇಸ್ಡ್ ಎನ್ನುತ್ತಾರೆ. A ಎಂದರೆ ಆದ್ಯತಾ ಷೇರು ಮಾತ್ರ ಎಂದು ವ್ಯಾಖ್ಯಾನಿಸಿದ್ದರೆ ಅದು ನ್ಯಾರೋ-ಬೇಸ್ಡ್; ಆಗ A 2,00,000ಕ್ಕೆ ಇಳಿದು, ದರ 75 ರೂಪಾಯಿಯಾಗಿ, ಹಳೆಯ ಹೂಡಿಕೆದಾರರಿಗೆ 2,66,667 ಷೇರು ಹೋಗುತ್ತದೆ. ಸೂತ್ರ ಒಂದೇ, ವ್ಯಾಖ್ಯಾನದ ಪುಟ ಬೇರೆ.

ನಾನು ಗೆರೆ ಎಳೆದ ಎರಡನೆಯ ಜಾಗದಲ್ಲಿ ತೊಡಕು ಬರೆದ ಸಾಲಿನದಲ್ಲ, ಇರಬೇಕಾದ ಸಾಲು ಇಲ್ಲದಿದ್ದದ್ದು. ಈ ಷರತ್ತಿನಿಂದ ಹೊರಗಿಡಬೇಕಾದ ಷೇರುಗಳ ಪಟ್ಟಿ ಸಾಮಾನ್ಯವಾಗಿ ಇದರ ಕೆಳಗೇ ಇರುತ್ತದೆ. ಅದರಲ್ಲಿ ಮುಖ್ಯವಾದದ್ದು ಉದ್ಯೋಗಿಗಳಿಗೆ ಕೊಡುವ ಇಸಾಪ್ ಷೇರು. ಹುರಿಯುವ ಯಂತ್ರ ನೋಡಿಕೊಳ್ಳುವ ಹಳೆಯ ಉದ್ಯೋಗಿಗೆ ಷೇರಿಗೆ 10 ರೂಪಾಯಿಯಂತೆ ಒಂದಿಷ್ಟು ಕೊಡಬೇಕೆಂದು ಇವರು ಮೊದಲೇ ಯೋಚಿಸಿದ್ದರು. ಕರಡಿನಲ್ಲಿದ್ದದ್ದು ಫುಲ್ ರ್ಯಾಚೆಟ್; ಆ ಪಟ್ಟಿ ಇಲ್ಲದೆ ಹಾಗೆಯೇ ಸಹಿ ಮಾಡಿದ್ದರೆ, ಆ 10 ರೂಪಾಯಿಯ ಷೇರೇ ಹೂಡಿಕೆದಾರರ ಪರಿವರ್ತನೆಯ ದರವನ್ನು 10ಕ್ಕೆ ಎಳೆಯಬಹುದಿತ್ತು; 2 ಕೋಟಿಗೆ 20 ಲಕ್ಷ ಷೇರು. ಇಂಥದ್ದನ್ನು ಯಾರೂ ಉದ್ದೇಶಪಟ್ಟು ಬರೆಯುವುದಿಲ್ಲ. ಅವಸರದಲ್ಲಿ ಹಳೆಯ ಕರಡನ್ನು ನಕಲು ಮಾಡುವಾಗ ಬಿಟ್ಟುಹೋಗುತ್ತದೆ.

ಹೂಡಿಕೆದಾರರು ವಿದೇಶದವರಾಗಿದ್ದರೆ ಕಾನೂನೇ ಒಂದು ತಳ ಹಾಕುತ್ತದೆ. 2019ರ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಪರಿವರ್ತನೆಯ ದರ ಅಥವಾ ಸೂತ್ರವನ್ನು ಷೇರು ಕೊಡುವಾಗಲೇ ನಿಗದಿ ಮಾಡಬೇಕು, ಮತ್ತು ಪರಿವರ್ತನೆಯ ದರವು ಷೇರು ಕೊಟ್ಟ ದಿನದ ನ್ಯಾಯಯುತ ಮೌಲ್ಯಕ್ಕಿಂತ ಕೆಳಗೆ ಹೋಗುವಂತಿಲ್ಲ.

ಎರಡೂ ಷರತ್ತು ಒಟ್ಟಿಗೆ ಕೆಲಸ ಮಾಡುವಾಗ

ಆಂಟಿ-ಡೈಲ್ಯೂಷನ್‌ನಿಂದ ಷೇರಿನ ಸಂಖ್ಯೆ ಹೆಚ್ಚಿದರೂ ಲಿಕ್ವಿಡೇಷನ್ ಪ್ರಿಫರೆನ್ಸ್‌ನ ಮೊತ್ತ ಹೆಚ್ಚುವುದಿಲ್ಲ. ಅದು ಹೂಡಿದ 2 ಕೋಟಿಯೇ. ಹಾಗಾಗಿ ನಾನ್-ಪಾರ್ಟಿಸಿಪೇಟಿಂಗ್ ರೂಪದಲ್ಲಿ, ಮಾರಾಟದ ಹಣ ಹಂಚುವಾಗ ಎರಡನೆಯ ಷರತ್ತು ಅರ್ಥಪೂರ್ಣವಾಗುವುದು ಹೂಡಿಕೆದಾರರು ಪ್ರಿಫರೆನ್ಸ್ ಬಿಟ್ಟು ಈಕ್ವಿಟಿಗೆ ಬರುವಷ್ಟು ಬೆಲೆ ಸಿಕ್ಕಾಗ ಮಾತ್ರ. 50 ರೂಪಾಯಿಯ ಸುತ್ತಿನ ನಂತರ ಕಂಪನಿ 10 ಕೋಟಿಗೆ ಮಾರಾಟವಾಯಿತು, ಇಬ್ಬರೂ ಹೂಡಿಕೆದಾರರದು ಒಂದು ಪಟ್ಟಿನ ನಾನ್-ಪಾರ್ಟಿಸಿಪೇಟಿಂಗ್ ಎಂದುಕೊಳ್ಳಿ. ಬ್ರಾಡ್-ಬೇಸ್ಡ್ ಸರಾಸರಿಯಲ್ಲಿ ಹಳೆಯವರ ಪಾಲು ಶೇ. 17.9, ಅಂದರೆ 1.79 ಕೋಟಿ, ಅದಕ್ಕಿಂತ 2 ಕೋಟಿಯೇ ಹೆಚ್ಚು, ಅದನ್ನೇ ತೆಗೆದುಕೊಳ್ಳುತ್ತಾರೆ. ಉಳಿದ 8 ಕೋಟಿಯಲ್ಲಿ ಸಂಸ್ಥಾಪಕರಿಗೆ 6.4 ಕೋಟಿ, ಹೊಸಬರಿಗೆ 1.6 ಕೋಟಿ. ಆಂಟಿ-ಡೈಲ್ಯೂಷನ್ ಷರತ್ತೇ ಇಲ್ಲದಿದ್ದರೂ ಉತ್ತರ ಇದೇ. ಫುಲ್ ರ್ಯಾಚೆಟ್‌ನಲ್ಲಾದರೆ ಹಳೆಯವರ ಶೇ. 28.6 ಎಂದರೆ 2.86 ಕೋಟಿ, ಅವರು ಈಕ್ವಿಟಿಗೆ ಬರುತ್ತಾರೆ, ಸಂಸ್ಥಾಪಕರಿಗೆ 5.71 ಕೋಟಿ ಉಳಿಯುತ್ತದೆ.

ಈ ಎಲ್ಲ ಷರತ್ತುಗಳು ಒಪ್ಪಂದದಲ್ಲಿ ಇದ್ದರೆ ಸಾಲದು, ಕಂಪನಿಯ ನಿಯಮಾವಳಿಯಾದ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್‌ನೊಳಗೂ ಸೇರಬೇಕು. ಆರ್ಟಿಕಲ್ಸ್‌ನಲ್ಲಿ ಇಲ್ಲದ ಷೇರು ವರ್ಗಾವಣೆಯ ನಿರ್ಬಂಧ ಕಂಪನಿಯನ್ನು ಕಟ್ಟಿಹಾಕದು ಎಂದು ಸುಪ್ರೀಂ ಕೋರ್ಟ್ ರಂಗರಾಜ್ ಪ್ರಕರಣದಲ್ಲಿ ಹೇಳಿದ ಮೇಲೆ ಹೂಡಿಕೆದಾರರ ವಕೀಲರು ಹಕ್ಕುಗಳನ್ನೆಲ್ಲ ಅಲ್ಲಿಯೂ ಬರೆಸುತ್ತಾರೆ. ಅದನ್ನು ಮುಂದೆ ತಿದ್ದಲು ವಿಶೇಷ ನಿರ್ಣಯ, ಅಂದರೆ ಚಲಾವಣೆಯಾದ ಮತಗಳಲ್ಲಿ ಮುಕ್ಕಾಲು ಪಾಲು ಬೇಕು.

ಅಕ್ಕ ತಮ್ಮ ಮೂರು ತಿದ್ದುಪಡಿಗಳನ್ನು ಕೇಳಿ ಪತ್ರ ಬರೆದರು. ಹದಿನೈದು ದಿನಗಳ ನಂತರ ಬಂದ ಹೊಸ ಕರಡಿನಲ್ಲಿ ಇಸಾಪ್ ಷೇರುಗಳು ಹೊರಗಿದ್ದವು, ಫುಲ್ ರ್ಯಾಚೆಟ್ ಹೋಗಿ ಬ್ರಾಡ್-ಬೇಸ್ಡ್ ಸರಾಸರಿ ಬಂದಿತ್ತು. ನಾಲ್ಕನೆಯ ಪುಟದ ಆ ಸಾಲು ಪೂರ್ತಿ ಹೋಗಿರಲಿಲ್ಲ. ಒಟ್ಟು ಮೊತ್ತ ಹೂಡಿಕೆಯ ಎರಡು ಪಟ್ಟನ್ನು ಮೀರಬಾರದು ಎಂಬ ಮಿತಿ ಅದಕ್ಕೆ ಸೇರಿಕೊಂಡಿತ್ತು. 5 ಕೋಟಿಯ ಮಾರಾಟದಲ್ಲಿ ಈ ಮಿತಿಯಿಂದ ಏನೂ ಬದಲಾಗುವುದಿಲ್ಲ ಎಂಬುದನ್ನು ಈ ಬಾರಿ ತಮ್ಮನೇ ಲೆಕ್ಕ ಹಾಕಿ ನನಗೆ ಫೋನಿನಲ್ಲಿ ಹೇಳಿದರು.